ಗಂಗಕ್ಕನ ಮಿಡಿ ದುಬೈಗೆ ಹೋದದ್ದು

ಉಮ್ಮಚಗಿಯ ಗಂಗೆಗೆ ಒಂದೇ ವಾರದಲ್ಲಿ ಇಬ್ಬರು ದುಬೈ ಗಿರಾಕಿಗಳು ಗಂಟುಬಿದ್ದರು. ಒಬ್ಬ ಮಹಾ ಸಿಹಿ ಮಾತಿನವ, ಇನ್ನೊಬ್ಬ ಬರೀ ಪ್ರಶ್ನೆ. ಗಂಗೆಯ ಮನಸ್ಸು ಸಹಜವಾಗಿ ಸಿಹಿಯವನ ಕಡೆಗೆ ವಾಲಿತು.

ಐದು ಹೆಂಗಸರನ್ನು ಕಟ್ಟಿಕೊಂಡು ಗಂಗೆ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿ ಯಲ್ಲಾಪುರ, ಶಿರಸಿಯ ಅಂಗಡಿಗಳಲ್ಲಿ ಹೆಸರು ಮಾಡಿತ್ತು. ಯಲ್ಲಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುವ ಅಣ್ಣನ ಮಗಳು ಭೂಮಿಕಾ ಅದರ ಫೋಟೋ ಇಂಟರ್ನೆಟ್ಟಿಗೆ ಹಾಕಿದ್ದೇ ತಡ, ಈ ಇಬ್ಬರೂ ಬಂದರು.

"ಅತ್ತೆ, ರಾಬರ್ಟ್ ಅನ್ನೋನು ನಿಮ್ಮನ್ನ 'ಪ್ರೀತಿಯ ತಾಯಿ' ಅಂತ ಬರೆದಿದ್ದಾನೆ. ಐದು ಸಾವಿರ ಬಾಟ್ಲಿ ಬೇಕಂತೆ. ಸ್ಯಾಂಪಲ್ಲೂ ಬೇಡವಂತೆ."

"ನೋಡು, ಹೆತ್ತ ಮಗನೂ ಹಂಗೆ ಕರೆಯಲ್ಲ," ಎಂದು ಗಂಗೆ ಕಣ್ಣೊರೆಸಿಕೊಂಡಳು.

ಎರಡನೆಯವನು ಸೊಹೇಲ್. ಹುಬ್ಬಳ್ಳಿಯಲ್ಲಿ ಬೆಳೆದವ, ದುಬೈಯಲ್ಲಿ ಸಣ್ಣ ದಿನಸಿ ಅಂಗಡಿ. ಅವನಿಗೆ ಬೇಕಾದದ್ದು ಅರವತ್ತೇ ಬಾಟಲಿ. ಆದರೆ ಕೇಳಿದ್ದು ಅರವತ್ತು ಪ್ರಶ್ನೆ. ರಫ್ತಿಗೆ ಸಲ್ಲುವ ಆಹಾರ ಪರವಾನಗಿ ಇದೆಯೇ? ರಫ್ತುದಾರರ ನಂಬರ್ ಇದೆಯೇ? ಲ್ಯಾಬ್ ವರದಿ? ಎಣ್ಣೆ ಯಾವುದು? ಸಾಸಿವೆ ಇದ್ದರೆ ಅಲರ್ಜಿ ಎಂದು ಲೇಬಲ್ ಮೇಲೆ ಬರೆಯಬೇಕು. ಎಷ್ಟು ದಿನಕ್ಕೆ ಕೆಡುತ್ತದೆ?

"ಕೆಡೂದಾ!" ಗಂಗೆಗೆ ಸಿಟ್ಟು ನೆತ್ತಿಗೇರಿತು. "ನಮ್ಮತ್ತೆ ಹಾಕಿದ್ದನ್ನ ಏಳು ವರ್ಷ ತಿಂದಿದೀವಿ. ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ಕೇಳಲ್ಲ ಮಾರಾಯ್ತಿ. ರಾಬರ್ಟನಿಗೇ ಕೊಡಾಣ."

ರಾಬರ್ಟನ ಮುಂದಿನ ಪತ್ರದಲ್ಲಿ ತಾಯಿಯ ಮಮತೆಯ ಜೊತೆಗೆ 'ನೋಂದಣಿ ಶುಲ್ಕ'ವೂ ಇತ್ತು. ಮೂವತ್ತೆಂಟು ಸಾವಿರ, ಮೊದಲೇ ಕಳಿಸಬೇಕು. ಭೂಮಿಕಾಗೆ ಅನುಮಾನ ಬಂತು. ಇಬ್ಬರೂ ಯಲ್ಲಾಪುರದಲ್ಲಿ ಲಾರಿ ಪಾರ್ಸೆಲ್ ಆಫೀಸು ನಡೆಸುವ ನೂರ್ ಅಹ್ಮದನ ಬಳಿ ಹೋದರು. ಮೂವತ್ತು ವರ್ಷದಿಂದ ಸಾಗಾಣಿಕೆಯಲ್ಲಿ ಪಳಗಿದವನು ಅವನು.

"ಗಂಗಕ್ಕಾ, ಸರಕು ಕೊಳ್ಳೋನು ರೊಕ್ಕ ಕೊಡ್ತಾನೋ, ಇಸ್ಕೊಳ್ತಾನೋ?" ಎಂದ ನೂರ್ ಅಹ್ಮದ್. "ಇಬ್ಬರಿಗೂ ಹೇಳ್ರಿ, ಅಂಗಡಿ ಲೈಸೆನ್ಸ್ ಕಳಿಸು, ವಿಡಿಯೋದಾಗ ಅಂಗಡಿ ತೋರ್ಸು ಅಂತ."

ರಾಬರ್ಟ್ ಕಳಿಸಿದ ಲೈಸೆನ್ಸ್ ನಂಬರನ್ನು ಭೂಮಿಕಾ ದುಬೈ ಸರ್ಕಾರದ ಜಾಲತಾಣದಲ್ಲಿ ಹುಡುಕಿದಾಗ ಒಂದು ಹೆಂಗಸರ ಸಲೂನು ಸಿಕ್ಕಿತು. ವಿಡಿಯೋ ಕರೆಗೆ ಅವನ ಕ್ಯಾಮೆರಾ ಕೆಟ್ಟಿತ್ತು. ಮರುದಿನ ಮಗನೇ ನಾಪತ್ತೆ. ಸೊಹೇಲ್ ಮಾತ್ರ ಫೋನು ಹಿಡಿದು ಅಂಗಡಿಯ ಮೂಲೆಮೂಲೆ ತೋರಿಸಿದ, ಅವನ ಲೈಸೆನ್ಸೂ ತಾಳೆಯಾಯಿತು. ಅರ್ಧ ಹಣ ಮುಂಗಡ, ಉಳಿದದ್ದು ಸರಕಿನ ಕಾಗದಪತ್ರ ತಲುಪಿದ ಮೇಲೆ ಎಂದು ಒಪ್ಪಿಕೊಂಡ. "ಲೇಬಲ್ ನಕಲು ಮೊದ್ಲು ಕಳಿಸ್ರಿ ಅಕ್ಕಾ. ಅರಬ್ಬಿಯೂ ಇರ್ಬೇಕು. ಇಲ್ಲಿ ಒಪ್ಪಿಗೆ ಸಿಗೋ ತನಕ ಒಂದು ಬಾಟ್ಲಿನೂ ಹೊರಡಿಸಬ್ಯಾಡ್ರಿ."

ಗಂಗೆ ಎರಡು ದಿನ ಭರಣಿಗಳ ಕಡೆಗೇ ಸುಳಿಯಲಿಲ್ಲ. ಹಣ ಹೋಗಲಿಲ್ಲವಲ್ಲ ಎಂದು ಭೂಮಿಕಾ ಸಮಾಧಾನ ಹೇಳಿದರೆ, "ಹಣದ್ದಲ್ಲ ಕಣೆ, ತಾಯಿ ಅಂದಿದ್ನಲ್ಲ" ಎಂದಳು. ಮೂರನೇ ದಿನ ಎದ್ದು ಕೆಲಸಕ್ಕೆ ಕೂತಳು.

ಮುಂದಿನ ಪರೀಕ್ಷೆ ಬಾಟಲಿಯದು. ಹನ್ನೆರಡು ಬಾಟಲಿ ತುಂಬಿದ ಒಂದು ಪೆಟ್ಟಿಗೆಯನ್ನು ನೂರ್ ಅಹ್ಮದ್ ತಾನೇ ಹುಬ್ಬಳ್ಳಿಯವರೆಗೆ ಲಾರಿಯಲ್ಲಿ ಒಯ್ದು ವಾಪಸು ತರುವುದೆಂದಾಯಿತು. ಕಿರವತ್ತಿಯ ಢಾಬಾದಲ್ಲಿ ಚಹಾಕ್ಕೆ ಇಳಿದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸೀಟಿನಲ್ಲಿ ಪಕ್ಕಕ್ಕಿಟ್ಟ ಪೆಟ್ಟಿಗೆಯಿಂದ ಎಣ್ಣೆ ಸೋರಿ ಬಿಳಿ ಕುರ್ತಾದ ಹಿಂಭಾಗ ಕೆಂಪಗಾಗಿತ್ತು. ಢಾಬಾದವನು ಗಾಬರಿಯಿಂದ, "ಚಾಚಾ, ಆಸ್ಪತ್ರೆಗೆ ಹೋಗೂಣೇನ್ರಿ?" ಎಂದ.

"ಬ್ಯಾಡಪ್ಪಾ," ಎಂದ ನೂರ್ ಅಹ್ಮದ್, "ಎರಡು ರೊಟ್ಟಿ ಕೊಡು."

ಪೆಟ್ಟಿಗೆ ಉಮ್ಮಚಗಿಗೆ ಮರಳಿ, ಎಲ್ಲರ ನಗೆ ಮುಗಿದ ಮೇಲೆ ಗಂಗೆ ಬಾಟಲಿ ಬಿಚ್ಚಿ ನೋಡಿದಳು. ಬಾಯಿಯ ಅಂಚಿಗೆ ಎಣ್ಣೆ ತಾಗಿದಲ್ಲಿ ಮುಚ್ಚಳ ಹಿಡಿದೇ ಇರಲಿಲ್ಲ. ಕಂಠದವರೆಗೆ ತುಂಬುವ ಅವಳ ಧಾರಾಳತನವೂ ಕೈಕೊಟ್ಟಿತ್ತು. ಮೇಲೆ ಬೆರಳಷ್ಟು ಜಾಗ ಬಿಟ್ಟು, ಅಂಚನ್ನು ಒಣಬಟ್ಟೆಯಿಂದ ಒರೆಸಿ, ಮುಚ್ಚಳದೊಳಗೆ ಬಿಸಿಗೆ ಅಂಟುವ ಹಾಳೆಯ ಸೀಲು ಹಾಕಿ, ನಡುವೆ ರಟ್ಟಿನ ಅಡ್ಡಗೋಡೆ ಇಟ್ಟರು. ಎರಡನೇ ಸವಾರಿಗೆ ನೂರ್ ಅಹ್ಮದ್ ಕಪ್ಪು ಪ್ಯಾಂಟು ತೊಟ್ಟ. ಒಂದು ಹನಿಯೂ ಸೋರಲಿಲ್ಲ.

ಪರವಾನಗಿ ಬರಲು ಎರಡು ತಿಂಗಳು ಹಿಡಿಯಿತು. ಲ್ಯಾಬಿನವರು ಉಪ್ಪಿನಕಾಯಿಯ ಬಾಳಿಕೆ ಒಂದೇ ವರ್ಷವೆಂದು ಬರೆದರು, ಗಂಗೆ ಹಲ್ಲುಕಚ್ಚಿ ಒಪ್ಪಿದಳು. ಲೇಬಲ್‌ಗೆ ಒಪ್ಪಿಗೆ ಬಂದ ಮೇಲೆ ಭೂಮಿಕಾ ಇನ್ವಾಯ್ಸು, ಪ್ಯಾಕಿಂಗ್ ಪಟ್ಟಿ, ಲ್ಯಾಬ್ ವರದಿ ಮೂರರಲ್ಲೂ ಬಾಟಲಿಯ ತೂಕ, ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಮೂರು ಸಲ ನೋಡಿದಳು. ಸರಕು ಹೋಯಿತು.

ಹದಿನೇಳು ದಿನದ ಮೇಲೆ ಸೊಹೇಲ್ ಫೋನು ಮಾಡಿದ. ಎರಡು ಲೇಬಲ್ ತುಸು ಕಿತ್ತುಬಂದಿವೆ, ಉಳಿದದ್ದೆಲ್ಲ ಸರಿ, ಬಾಟಲಿಗಳೆಲ್ಲ ಮಾರಾಟವಾಗಿ ಖಾಲಿ. "ಅಕ್ಕಾ, ಮುಂದಿನ ತಿಂಗಳು ಐನೂರು ಕಳಿಸ್ರಿ!"

ಗಂಗೆ ಭರಣಿಗಳನ್ನು ನೋಡಿದಳು. ಉಪ್ಪಿನಲ್ಲಿ ಉಳಿದ ಮಿಡಿ ಊರಿನ ಗಿರಾಕಿಗೇ ಸಾಲದು.

"ಮಿಡಿ ಮರದಲ್ಲಿ ಬರಬೇಕು ತಮ್ಮಾ, ಫೋನಲ್ಲಿ ಅಲ್ಲ. ಹೊಸ ಮಿಡಿ ಬರೂದು ಮಾರ್ಚಿಗೆ. ಕಾಯ್ತೀಯಾ?"

"ಕಾಯ್ತೀನಿ ಅಕ್ಕಾ," ಎಂದ ಸೊಹೇಲ್. "ಮರ ಎಷ್ಟು ಅದಾವು? ಯಾರ ತೋಟದ್ದು? ಔಷಧಿ ಹೊಡೀತಾರೇನು?"

"ಶುರುವಾಯ್ತು!" ಎಂದಳು ಗಂಗೆ. ಆದರೂ ಈ ಸಲ ಮಣೆ ಎಳೆದುಕೊಂಡು ಕೂತು, ಒಂದೊಂದಕ್ಕೂ ಉತ್ತರ ಹೇಳಿದಳು.