ಅರ್ಜಿಗೆ ಲಗತ್ತಿಸದ ಕಾಗದ

ಚಾಮರಾಜನಗರದ ಕಡೆಯ ಬ್ಯಾಂಕ್ ಶಾಖೆಯಲ್ಲಿ ನನಗೆ ಆರು ವರ್ಷ ತುಂಬಿತ್ತು. ಶಾಖೆಯ ಬಾಗಿಲು ಹಾಕಿದ ಮೇಲೆ ನನ್ನನ್ನು ಮಾತಾಡಿಸುವವರು ಯಾರೂ ಇರಲಿಲ್ಲ. ನಮ್ಮೂರಿಗೆ ಹತ್ತಿರದ ಜಮಖಂಡಿ, ಮುಧೋಳ, ಬನಹಟ್ಟಿ, ಯಾವುದಾದರೂ ಸರಿ ಎಂದು ವರ್ಗಾವಣೆಗೆ ಅರ್ಜಿ ಬರೆದೆ. ಅದರಲ್ಲಿ ಕೊಟ್ಟ ಕಾರಣ, ವೃದ್ಧ ತಂದೆ-ತಾಯಿಯ ಆರೈಕೆ. ಮ್ಯಾನೇಜರು ಓದಿ, "ತಂದೆಯವರ ಮೆಡಿಕಲ್ ಸರ್ಟಿಫಿಕೇಟ್ ಲಗತ್ತಿಸಿ, ಶಿಫಾರಸು ಬರೆದು ಪ್ರಾದೇಶಿಕ ಕಚೇರಿಗೆ ಕಳಿಸ್ತೀನಿ" ಎಂದರು.

ರಜೆ ಹಾಕಿ ನಮ್ಮೂರು ಹುನ್ನೂರಿಗೆ ಬಂದು, ಅಪ್ಪನನ್ನು ಜಮಖಂಡಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಮನುಷ್ಯ ಅಂದು ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟಿದ್ದ. ಡಾಕ್ಟರು ಕೇಳಿದ್ದಕ್ಕೆಲ್ಲ, "ಏನೂ ಇಲ್ಲರೀ, ಗಟ್ಟಿ ಅದೀನಿ" ಎಂದ. ಕೋಣೆಯ ಉದ್ದಕ್ಕೂ ನಡೆದೂ ತೋರಿಸಿದ. ಡಾಕ್ಟರು ನನ್ನತ್ತ ತಿರುಗಿ, "ಸುಳ್ಳು ಹ್ಯಾಂಗ ಬರೀಲಿ?" ಎಂದರು.

ಹೊರಗೆ ಬಂದು ಸಿಡುಕಿದೆ. "ಹಿಂಗ್ಯಾಕ ಮಾಡಿದಿಯಪ್ಪಾ?"

"ನಾ ಲಾಚಾರ ಆಗೇನಂತ ಕಾಗದದಾಗ ಬರಸ್ತೀಯೇನ್ಲೇ?" ಎಂದವನೇ ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಆಮೇಲೆ ನನ್ನತ್ತ ನೋಡದೆ ಕೈ ಚಾಚಿದ. "ಎಬ್ಬಸು."

ಅರ್ಜಿ ಸರ್ಟಿಫಿಕೇಟಿಲ್ಲದೆ ಹೋಯಿತು. ಮುಂದಿನ ವಾರ ನಾನು ಮತ್ತೆ ಅದೇ ಕೌಂಟರಿನಲ್ಲಿದ್ದೆ. ಬಲಗೈಯಲ್ಲಿ ಅಪ್ಪನ ಭಾರ ಇನ್ನೂ ಇತ್ತು.