ಎರಡನೇ ನಿಮಿಷದ ಜಗಳ

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ವಾಂಟಮ್ ಮೇಡಂ ಎಂದೇ. ತರಗತಿಯಲ್ಲಿ ಯಾರೇ ಎದ್ದು ಮಾತಾಡಲಿ, ಎರಡು ನಿಮಿಷ ಆಗುತ್ತಿದ್ದಂತೆ ಕೈ ಎತ್ತಿ, "ನಿನ್ನ ಕ್ವಾಂಟಮ್ ಮುಗೀತು. ಹೋಗಿ ಹಿಂದೆ ನಿಂತ್ಕೊ, ಮತ್ತೆ ಸರದಿ ಬರತ್ತೆ" ಎನ್ನುತ್ತಿದ್ದರು. ರೌಂಡ್ ರಾಬಿನ್ ಎಂದರೆ ಇಷ್ಟೇ ಎಂದು ಆಮೇಲೆ ಬಿಡಿಸಿ ಹೇಳುತ್ತಿದ್ದರು. ಪ್ರೊಸೆಸರ್ ಒಂದೇ, ಕಾಯುವ ಪ್ರೋಸೆಸ್‌ಗಳು ಹಲವು. ಪ್ರತಿಯೊಂದಕ್ಕೂ ಗೊತ್ತುಪಡಿಸಿದಷ್ಟೇ ಸಮಯ, ಅದೇ ಕ್ವಾಂಟಮ್. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಎದ್ದು ಸಾಲಿನ ಕೊನೆಗೆ ಹೋಗಬೇಕು. ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟು ನಿವೃತ್ತರಾದರು.

ನಿವೃತ್ತಿಯ ನಂತರ ಮನೆಯಲ್ಲಿ ಅವರೊಬ್ಬರೇ. ಮದುವೆಯ ಮಾತು ಒಂದು ಕಾಲದಲ್ಲಿ ಬಂದಿತ್ತು, ಹಾಗೇ ಹೋಗಿತ್ತು. ಅಣ್ಣನ ಮಗಳು ತಿಂಗಳಿಗೊಮ್ಮೆ ಫೋನ್ ಮಾಡಿ, "ಅತ್ತೆ, ಚೆನ್ನಾಗಿದೀರಾ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಯಾವುದೋ ಕೆಲಸಕ್ಕೆ ಓಡುತ್ತಿದ್ದಳು. ತರಕಾರಿ ಅಂಗಡಿಯವನ ಹತ್ತಿರ ಎರಡು ಮಾತು, ಲಿಫ್ಟಿನಲ್ಲಿ ಒಂದು ನಗು. ಕೆಲವು ದಿನ ಸಂಜೆ ಅವರಿಗೇ ಬೆಳಗಿನಿಂದ ಮಾತೇ ಆಡಿಲ್ಲ ಎಂಬುದು ಹೊಳೆಯುತ್ತಿತ್ತು.

ವರ್ಷದಲ್ಲಿ ಹತ್ತು ದಿನ ಮಾತ್ರ ಬೇರೆ. ವಿಶ್ವವಿದ್ಯಾಲಯದ ಮೌಲ್ಯಮಾಪನಕ್ಕೆ ಕರೆ ಬರುತ್ತಿತ್ತು. ಉದ್ದನೆಯ ಹಾಲ್, ಎದುರುಬದುರು ಮೇಜುಗಳು, ದಾರ ಕಟ್ಟಿದ ಉತ್ತರಪತ್ರಿಕೆಗಳ ಬಂಡಲ್‌ಗಳು, ಕೆಂಪು ಪೆನ್ನು. ಮಧ್ಯಾಹ್ನ ಒಂದು ಗಂಟೆಗೆ ಎಂಟು ಜನ ಊಟದ ಡಬ್ಬಿ ಬಿಚ್ಚಿ, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತ, ಆಡಿಕೊಳ್ಳುತ್ತ ತಿನ್ನುತ್ತಿದ್ದರು. ಎದುರು ಮೇಜಿನ ಲೆಕ್ಚರರ್ ದಿನಾ ಅವರಿಗಾಗಿ ಒಂದು ಕುರ್ಚಿ ಹಿಡಿದಿಡುತ್ತಿದ್ದಳು. ಮೇಡಂ ಉಳಿದ ಮುನ್ನೂರ ಐವತ್ತೈದು ದಿನ ಬದುಕುತ್ತಿದ್ದದ್ದು ಆ ಕುರ್ಚಿಯ ನೆನಪಿನಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ. ಅರವತ್ತೆಂಟು ತುಂಬುವವರೆಗೆ ಕರೆಯುತ್ತಾರೆ. ಅವರಿಗೆ ಆಗ ಅರವತ್ತಾರು.

ಆ ವರ್ಷ ಆಪರೇಟಿಂಗ್ ಸಿಸ್ಟಮ್ಸ್ ಪ್ರಶ್ನೆಪತ್ರಿಕೆ ತೆಗೆದದ್ದೂ ಅವರೇ, ಮಾದರಿ ಉತ್ತರ ಬರೆದದ್ದೂ ಅವರೇ. ಹತ್ತು ಅಂಕದ ಒಂದು ಲೆಕ್ಕ ಹೀಗಿತ್ತು: ಪಿ-1 ಎಂಬ ಪ್ರೋಸೆಸ್ ಸಮಯ ಸೊನ್ನೆಗೆ ಬರುತ್ತದೆ, ಅದಕ್ಕೆ ಆರು ಘಟಕ ಸಮಯದ ಕೆಲಸ. ಪಿ-2 ಎರಡಕ್ಕೆ ಬರುತ್ತದೆ, ಒಂದು ಘಟಕ. ಪಿ-3 ಮೂರಕ್ಕೆ ಬರುತ್ತದೆ, ಮೂರು ಘಟಕ. ಕ್ವಾಂಟಮ್ ಎರಡು. ಸರಾಸರಿ ಕಾಯುವ ಸಮಯ ಎಷ್ಟು? ಮಾದರಿ ಉತ್ತರ: ಎರಡು ಪಾಯಿಂಟ್ ಮೂರು ಮೂರು.

ನಾಲ್ಕನೇ ದಿನ ಒಂದು ಪತ್ರಿಕೆಯಲ್ಲಿ ಮೂರು ಎಂದಿತ್ತು. ಮೇಡಂ ಅಡ್ಡಗೆರೆ ಎಳೆಯಲು ಪೆನ್ನು ಊರಿದವರು ಹಾಗೇ ನಿಂತರು. ಲೆಕ್ಕದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ಸಮಯ ಎರಡರಲ್ಲಿ ಪಿ-1ರ ಕ್ವಾಂಟಮ್ ಮುಗಿಯುತ್ತದೆ, ಪಿ-2 ಕೂಡ ಆಗಲೇ ಬರುತ್ತದೆ. ಸಾಲಿನಲ್ಲಿ ಯಾರು ಮೊದಲು ಎಂದು ಪ್ರಶ್ನೆಯಲ್ಲಿ ಹೇಳಿಲ್ಲ. ಪಿ-1 ಅನ್ನು ಮೊದಲು ನಿಲ್ಲಿಸಿದ್ದೇನೆ."

ಮೇಡಂ ಬಿಳಿ ಹಾಳೆ ಎಳೆದುಕೊಂಡರು. ಹೊಸಬರು ಮೊದಲು ಎಂದರೆ ಪಿ-1 ಎರಡರವರೆಗೆ, ಪಿ-2 ಮೂರರವರೆಗೆ, ಪಿ-1 ಐದರವರೆಗೆ, ಪಿ-3 ಏಳರವರೆಗೆ, ಪಿ-1 ಒಂಬತ್ತಕ್ಕೆ ಮುಗಿದು, ಪಿ-3 ಹತ್ತಕ್ಕೆ ಮುಗಿಯುತ್ತದೆ. ಮುಗಿದ ಸಮಯದಲ್ಲಿ ಬಂದ ಸಮಯವನ್ನೂ ಕೆಲಸದ ಸಮಯವನ್ನೂ ಕಳೆದರೆ ಕಾದದ್ದು ಮೂರು, ಸೊನ್ನೆ, ನಾಲ್ಕು. ಒಟ್ಟು ಏಳು, ಸರಾಸರಿ ಎರಡು ಪಾಯಿಂಟ್ ಮೂರು ಮೂರು. ಈ ವಿದ್ಯಾರ್ಥಿ ಹೇಳಿದಂತೆ ಪಿ-1 ಮೊದಲು ಎಂದರೆ ಅದೇ ನಾಲ್ಕರವರೆಗೆ ಓಡುತ್ತದೆ, ಪಿ-2 ನಾಲ್ಕರಿಂದ ಐದು, ಮಿಕ್ಕದ್ದು ಮೊದಲಿನಂತೆಯೇ. ಕಾದದ್ದು ಮೂರು, ಎರಡು, ನಾಲ್ಕು. ಒಟ್ಟು ಒಂಬತ್ತು, ಸರಾಸರಿ ಮೂರು. ಎಳ್ಳಷ್ಟೂ ತಪ್ಪಿಲ್ಲ.

ಪ್ರಶ್ನೆಯನ್ನು ಮೂರು ಸಲ ಓದಿದರು. "ಒಂದೇ ಸಮಯದಲ್ಲಾದರೆ ಹೊಸದಾಗಿ ಬಂದದ್ದು ಮೊದಲು" ಎಂಬ ಸಾಲು ನಿಜಕ್ಕೂ ಇರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಬಾಯಿಪಾಠದ ಹಾಗೆ ಹೇಳಿದ ಮಾತು ಅದು. ಬಾಯಲ್ಲಿ ಹೇಳಿದ್ದನ್ನೆಲ್ಲ ಕಾಗದದಲ್ಲೂ ಬರೆದಾಗಿದೆ ಎಂದುಕೊಳ್ಳುವುದು ಪಾಠ ಮಾಡುವವರಿಗೆ ಅಂಟಿದ ರೋಗ. ಔಷಧಿ ಇಲ್ಲ.

ಪತ್ರಿಕೆ ಹಿಡಿದು ಮುಖ್ಯ ಪರೀಕ್ಷಕರ ಮೇಜಿಗೆ ಹೋದರು. ಅವರು ಮೇಡಂಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ, ಆದರೆ ಕೆಲಸ ಬೇಗ ಮುಗಿಯಲಿ ಎನ್ನುವ ಜಾತಿ.

"ಇದೊಂದಕ್ಕೆ ಪೂರ್ತಿ ಅಂಕ ಕೊಟ್ಟು ಮುಚ್ಚಿ ಹಾಕಿ ಮೇಡಂ," ಎಂದರು ಅವರು ದನಿ ತಗ್ಗಿಸಿ.

"ಇದಕ್ಕೆ ಕೊಡ್ತೀನಿ. ಮುಗಿದುಹೋಗಿರೋ ಬಂಡಲ್‌ಗಳಲ್ಲಿ ಮೂರು ಅಂತ ಬರೆದೋರ ಗತಿ?"

"ಅವರು ಈ ತರ ಟಿಪ್ಪಣಿ ಬರೆದಿಲ್ಲವಲ್ಲ."

"ಬರೀಬೇಕಾಗಿದ್ದು ಅವರಲ್ಲ, ನಾನು."

ಮುಖ್ಯ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಲಿಖಿತವಾಗಿ ಕೊಟ್ರೆ ಪ್ರಶ್ನೆಯಲ್ಲಿ ದೋಷ ಅಂತ ದಾಖಲಾಗತ್ತೆ. ಪತ್ರಿಕೆ ತೆಗೆದೋರನ್ನ ಮೂರು ವರ್ಷ ಯಾವ ಕೆಲಸಕ್ಕೂ ಕರೆಯಲ್ಲ. ನಿಯಮ ನಿಮಗೂ ಗೊತ್ತು. ಸುಮ್ನಿದ್ರೆ ಯಾರೂ ಕೇಳಲ್ಲ."

ಅರವತ್ತಾರಕ್ಕೆ ಮೂರು ಕೂಡಿಸಲು ಮೇಡಂಗೆ ಬಿಳಿ ಹಾಳೆ ಬೇಕಾಗಲಿಲ್ಲ. ತಮ್ಮ ಜಾಗಕ್ಕೆ ಬಂದು ಕೂತರು. ಎದುರಿನವಳು, "ಏನಾಯ್ತು ಮೇಡಂ, ಮುಖ ಸಪ್ಪಗಾಗಿದೆ?" ಎಂದಳು. "ಏನಿಲ್ಲಮ್ಮ" ಎಂದರು. ಅವರಿಗೆ ಭಯವಾಗಿತ್ತು. ಜನ ಬೈದಾರೆಂಬ ಭಯವಲ್ಲ. ಮುಂದಿನ ವರ್ಷ ಯಾರೂ ಇರುವುದಿಲ್ಲವಲ್ಲ ಎಂಬ ಭಯ. ಒಂದು ಗಂಟೆಯಾಯಿತು, ಡಬ್ಬಿಗಳು ತೆರೆದವು, ಎಲ್ಲರೂ ನಕ್ಕರು, ಅವರೂ ನಕ್ಕರು. ಊಟ ಮುಗಿಸಿ ಕೈ ತೊಳೆದು ಬಂದು, ಅರ್ಧ ಪುಟದಲ್ಲಿ ತಪ್ಪೊಪ್ಪಿಗೆ ಬರೆದು ಸಹಿ ಹಾಕಿ ಕೊಟ್ಟರು.

ಮುಗಿದ ಬಂಡಲ್‌ಗಳ ದಾರವೆಲ್ಲ ಮತ್ತೆ ಬಿಚ್ಚಬೇಕಾಯಿತು. ಹಾಲ್‌ನಲ್ಲಿ ಗೊಣಗಾಟವೋ ಗೊಣಗಾಟ. "ಕ್ವಾಂಟಮ್ ಮೇಡಂ ನಮ್ಮನ್ನೇ ಸಾಲಿನ ಹಿಂದಕ್ಕೆ ಕಳಿಸಿದ್ರು" ಎಂದು ಯಾರೋ ಕೇಳುವಷ್ಟು ಜೋರಾಗಿಯೇ ಅಂದರು. ಮೂರು ಎಂದು ಬರೆದವರು ನಲವತ್ತೊಂದು ಜನ ಸಿಕ್ಕರು. ಅವರಲ್ಲಿ ಹನ್ನೊಂದು ಮಂದಿ ಆ ಅಂಕ ಸೇರಿದ ಮೇಲೆ ಪಾಸಾದರು. ಹೆಸರು ಯಾರದೂ ತಿಳಿಯದು, ಬರೀ ನಂಬರು. ಮಿಕ್ಕ ದಿನಗಳಲ್ಲಿ ಕುರ್ಚಿಯನ್ನು ಯಾರೂ ಹಿಡಿದಿಡಲಿಲ್ಲ. ಮೇಡಂ ತಾವೇ ಒಂದನ್ನು ಎಳೆದುಕೊಂಡು ತುದಿಯಲ್ಲಿ ಕೂತರು.

ಮರುವರ್ಷ ಕರೆ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಮೇಡಂ ಒಂದು ವಾರ ಫೋನನ್ನು ಅಡುಗೆಮನೆಗೂ ಒಯ್ದರು. ಮೌಲ್ಯಮಾಪನ ಶುರುವಾದ ದಿನ ಎದುರು ಮೇಜಿನವಳಿಂದ ಒಂದು ಫೋಟೋ ಬಂತು, ಜೊತೆಗೆ ಮಾತಿಲ್ಲ. ಹೊಸ ಪ್ರಶ್ನೆಪತ್ರಿಕೆಯ ಪುಟ. ರೌಂಡ್ ರಾಬಿನ್ ಲೆಕ್ಕದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಒಂದೇ ಸಮಯದಲ್ಲಾದರೆ ಹೊಸದಾಗಿ ಬಂದದ್ದನ್ನು ಸಾಲಿನಲ್ಲಿ ಮೊದಲು ನಿಲ್ಲಿಸಿ.

ಮೇಡಂ ಅದನ್ನು ದೊಡ್ಡದು ಮಾಡಿ ಓದಿದರು. ಸರಿಯಾಗಿ ಬರೆದಿದ್ದಾರೆ ಎಂದುಕೊಂಡರು. ಮಧ್ಯಾಹ್ನ ಒಂದು ಗಂಟೆಯಾದಾಗ, ಬೆಳಿಗ್ಗೆ ಅಭ್ಯಾಸಬಲದಿಂದ ತುಂಬಿಟ್ಟಿದ್ದ ಡಬ್ಬಿಯನ್ನು ಮೇಜಿಗೆ ತಂದು, ಮುಚ್ಚಳ ತೆಗೆದು, ಎದುರಿಗಿದ್ದ ಕುರ್ಚಿಯನ್ನು ಸ್ವಲ್ಪ ಹೊರಗೆಳೆದಿಟ್ಟು ಊಟಕ್ಕೆ ಕೂತರು.