ನೀರು ಬಂದ ವರ್ಷ ಹುಟ್ಟಿದ ನಾಯಿ

ನಾಯಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಮುಧೋಳದ ಪಶುವೈದ್ಯೆಯೊಬ್ಬರು ಕುರಿಗಾರರ ಬೇಟೆನಾಯಿಗಳ ಮೇಲೆ ಲೇಖನ ಬರೆಯುತ್ತಿದ್ದರು. ಯಾವ ವಯಸ್ಸಿಗೆ ತೂಕ ಎಷ್ಟು, ಎದೆಯ ಸುತ್ತಳತೆ ಎಷ್ಟು, ಇಷ್ಟೇ ವಿಷಯ. ನಾನು ಹಿಡಿಯುತ್ತಿದ್ದೆ, ಮೇಡಂ ಅಳೆಯುತ್ತಿದ್ದರು. ಬೀಳಗಿ ಕಡೆಯ ಹಳ್ಳಿಗಳಿಗೆ ಮಾತ್ರ ನಾನೊಬ್ಬನೇ ತಕ್ಕಡಿ, ಟೇಪು ಹೊತ್ತು ಹೋಗಿದ್ದೆ. ಅಲ್ಲಿರುವವರು ನಮ್ಮ ಮಂದಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ಅಂಕಿ ಬರೆಯಲು ನನಗೆ ಬರುತ್ತದೆ.

ಲೇಖನ ಕಳಿಸಿ ಎಷ್ಟೋ ತಿಂಗಳಾದ ಮೇಲೆ ಪತ್ರಿಕೆಯಿಂದ ಉತ್ತರ ಬಂತು. ಓದಿ ನೋಡಿದ ರಿವ್ಯೂವರ್ ಒಬ್ಬ ಏಳು ತಕರಾರು ಬರೆದಿದ್ದ. ಅವನು ಯಾರೆಂದು ಕೇಳಿದೆ. ಹೆಸರು ಹೇಳುವುದಿಲ್ಲ, ಅದೇ ಪದ್ಧತಿ ಎಂದರು ಮೇಡಂ. ಆರು ತಕರಾರು ಅವರು ಒಪ್ಪಿ ತಿದ್ದಿದರು. ಐದನೆಯದಕ್ಕೆ ಬಂದು ನಿಂತರು. ಓದು ಬಾರದ ಸಾಕಿದವರು ಹೇಳಿದ ವಯಸ್ಸನ್ನು ನಂಬಲಾಗದು, ಹಲ್ಲು ನೋಡಿ ವಯಸ್ಸು ಹೇಳಬೇಕು, ಇಲ್ಲವೇ ಆ ಕೋಷ್ಟಕ ತೆಗೆಯಬೇಕು ಎಂದಿತ್ತು.

ನನಗೆ ಸಿಟ್ಟು ಬಂತು. "ಒಂದ ಮಾತ ಬರೀರಿ ಮೇಡಂ. ಬಂದ ನೋಡು ಅಂತ."

"ಹಂಗ ಬರಿಯಾಂಗಿಲ್ಲೋ ತಮ್ಮ. ಮೊದಲ ಉಪಕಾರ ಆತು ಅನ್ನಬೇಕು. ಆಮ್ಯಾಲ ಅವರ ಮಾತು ಇದ್ದಂಗ ಇಳಿಸಬೇಕು. ಅದರ ಕೆಳಗ ನಮ್ಮ ಉತ್ತರ."

ಹಾಗೆಯೇ ಬರೆಯುತ್ತ, ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. ತಮ್ಮ ಕಾಳಜಿ ಸರಿಯಾದದ್ದು, ಆದರೂ ಈ ಒಂದು ವಿಷಯದಲ್ಲಿ ಗೌರವದಿಂದ ಬೇರೆ ಅಭಿಪ್ರಾಯ ಹೇಳುತ್ತೇವೆ. ಮರಿಗೆ ಏಳು ತಿಂಗಳಾಗುವಷ್ಟರಲ್ಲಿ ಕಾಯಂ ಹಲ್ಲು ಬಂದು ಮುಗಿಯುತ್ತವೆ. ಅಲ್ಲಿಯವರೆಗೆ ಹಲ್ಲು ನಂಬಬಹುದು. ಆಮೇಲೆ ಉಳಿಯುವುದು ಸವೆತ. ಎಲುಬು ಕಡಿಯುವ ನಾಯಿಯ ಹಲ್ಲು ಬೇಗ ಸವೆಯುತ್ತದೆ, ಆದ್ದರಿಂದ ಅದರಿಂದ ವರ್ಷ ಹೇಳುವುದು ಕಷ್ಟ. ಕುರಿಗಾರರು ನಾಯಿ ಹುಟ್ಟಿದ್ದನ್ನು ಊರಿನ ಘಟನೆಯೊಂದಕ್ಕೆ ಕಟ್ಟಿ ನೆನಪಿಡುತ್ತಾರೆ.

ಇಲ್ಲಿ ಒಂದು ಉದಾಹರಣೆ ಬೇಕಾಯಿತು. ನಾನು ಎದೆಯುಬ್ಬಿಸಿ ಹೇಳಿದೆ: "ಬೀಳಗಿ ಕಡಿ ಮುದಿ ನಾಯಿ ಅದಾವಲ್ರಿ, ಎಲ್ಲಾ ನೀರು ಬಂದ ವರ್ಷ ಹುಟ್ಟಿದ್ದು."

ಮೇಡಂ ಪೆನ್ನು ಎತ್ತಿದರು. "ಯಾವ ಊರಿಗೆ ಯಾವ ವರ್ಷ ಬಂತು ನೀರು?"

ನಾನು ಬರೆದಿಟ್ಟ ಪಟ್ಟಿ ತೆಗೆದು ನೋಡಿದೆ. ಅಣೆಕಟ್ಟಿನ ಹಿನ್ನೀರು ಒಮ್ಮೆಗೇ ಬಂದಿರಲಿಲ್ಲ. ತಗ್ಗಿನ ಊರಿಗೆ ಮೊದಲು ಬಂತು, ನಮ್ಮೂರಿಗೆ ಆಮೇಲೆ. ನಮ್ಮೂರಲ್ಲೇ ಒಂದು ವರ್ಷ ಹೊಲಕ್ಕೆ ಬಂದು ಹೋಯಿತು, ಮುಂದೆ ಮನೆಗೆ ಬಂತು. ನಾನು ನಮ್ಮ ಮನೆ ಮುಳುಗಿದ ವರ್ಷವನ್ನೇ ಹಾಗೆ ಹೇಳಿದ ಎಲ್ಲರ ನಾಯಿಗಳ ಮುಂದೆಯೂ ಬರೆದಿದ್ದೆ. ಯಾರನ್ನೂ ಕೇಳಿರಲಿಲ್ಲ. ನೀರು ಅಂದರೆ ನನಗೆ ಅದೊಂದೇ ನೀರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉತ್ತರ ಕಳಿಸಲು ಹತ್ತು ದಿನ ಉಳಿದಿತ್ತು. ನಾನು ಮತ್ತೆ ಹೋದೆ. ಪುನರ್ವಸತಿ ಊರುಗಳಲ್ಲಿ ಕೆಲವರು ಸಿಕ್ಕು ವರ್ಷ ಸರಿಯಾಗಿ ಹೇಳಿದರು. ಉಳಿದವರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಕೊನೆಗೆ ನಮ್ಮ ಸೋದರಮಾವನ ಮನೆ. ಅವನ ಹೆಣ್ಣುನಾಯಿ ಆ ಮಳೆಗಾಲದಲ್ಲಿ ಸತ್ತಿತ್ತು. ಅದರಷ್ಟು ದೊಡ್ಡ ಎದೆಯ ನಾಯಿ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಬರುತ್ತದೆ ಎಂದು ನಾನೇ ಅವನಿಗೆ ಹೇಳಿಟ್ಟಿದ್ದೆ.

ಹೊಲಕ್ಕೆ ಬಂದ ನೀರೋ, ಮನೆಗೆ ಬಂದ ನೀರೋ ಎಂದು ಕೇಳಿದೆ. ಮುಂಜಾನೆ ಹೊಲ ಎಂದ. ಊಟವಾದ ಮೇಲೆ ಮನೆ ಎಂದ. ಮತ್ತೆ ಕೇಳಿದ್ದಕ್ಕೆ, "ನೀರು ಬಂದ ವರ್ಷಲೇ, ನಿನಗ ಗೊತ್ತಿಲ್ಲೇನು?" ಎಂದು ಮುಖ ತಿರುಗಿಸಿದ.

ಮುಧೋಳಕ್ಕೆ ಬಂದು ಮೇಡಂಗೆ ಹೇಳಿದೆ, ಮಾವನ ನಾಯಿಗೆ ಯಾವುದಾದರೂ ಒಂದು ವರ್ಷ ಹಾಕಿ, ಯಾರಿಗೆ ತಿಳಿಯುತ್ತದೆ.

"ಗೊತ್ತಿಲ್ಲದ್ದು ಗೊತ್ತೈತಿ ಅಂತ ಬರದ್ರ, ಆ ರಿವ್ಯೂವರ್ ಹೇಳಿದ್ದ ಖರೆ ಆತಲ್ಲೋ," ಎಂದರು.

ಐದನೆಯ ಉತ್ತರದ ಕೊನೆಗೆ ನಾಲ್ಕಾರು ಸಾಲು ಸೇರಿತು. ತಮ್ಮ ಪ್ರಶ್ನೆಯಿಂದಾಗಿ ದಾಖಲೆ ಮತ್ತೆ ನೋಡಿದೆವು. ಕೆಲವು ನಾಯಿಗಳ ವಯಸ್ಸು ಬರೆಯುವಾಗ ನಮ್ಮಿಂದ ತಪ್ಪಾಗಿದೆ. ಖಚಿತಪಡಿಸಲಾಗದ ಆರು ನಾಯಿಗಳನ್ನು ಬಿಟ್ಟಿದ್ದೇವೆ. ಉಳಿದವಕ್ಕೆ ಸಾಕಿದವರ ಮಾತನ್ನೇ ಇಟ್ಟುಕೊಳ್ಳಲು ಅನುಮತಿ ಕೋರುತ್ತೇವೆ. ತಿದ್ದಿದ ಪುಟ, ಸಾಲು ಇಂಥದ್ದು. 'ನಮ್ಮಿಂದ' ಎಂದು ಬರೆದರು ಮೇಡಂ. ತಪ್ಪು ನನ್ನೊಬ್ಬನದು.

ರಿವ್ಯೂವರ್ ಒಪ್ಪಿದ. ಲೇಖನ ಅಚ್ಚಾಯಿತು. ಮೇಡಂ ಒಂದು ಪ್ರತಿ ಕೊಟ್ಟರು, ಮಾವನಿಗೆ ಒಯ್ದೆ. ಅವನು ಕೋಷ್ಟಕದ ಮೇಲೆ ಬೆರಳಾಡಿಸಿದ.

"ನಮ್ಮದ್ ಎಲ್ಲೈತಿ?"

"ಇಲ್ಲ ಮಾವಾ. ವಯಸ್ಸ ಪಕ್ಕಾ ಆಗ್ಲಿಲ್ಲ."

"ಹೇಳಿದ್ನಲ್ಲ, ನೀರು ಬಂದ ವರ್ಷ ಅಂತ."

ಹಾಳೆ ಮಡಚಿ ನನ್ನ ಕೈಗೇ ಕೊಟ್ಟ. ಯಾವ ನೀರು ಎಂದು ನಾನು ಮತ್ತೆ ಕೇಳಲಿಲ್ಲ.